ಕೊನೆಯ ಸುತ್ತು ಮುಗಿದು ಐದು ವಾರ, ಸುದ್ದಿಯೇ ಇಲ್ಲ: ಎರಡನೇ ಸಲ ಯಾರಿಗೆ, ಏನಂತ ಬರೆಯೋದು?

ಪ್ರಶ್ನೆ: ಕಸ್ಟಮರ್ ಸಪೋರ್ಟ್‌ನಲ್ಲಿ ಟೀಮ್ ಲೀಡ್ ಆಗಿದ್ದೇನೆ. ಬೇರೆ ಕಂಪನಿಯ ಸಪೋರ್ಟ್ ಮ್ಯಾನೇಜರ್ ಕೆಲಸಕ್ಕೆ ನಾಲ್ಕು ಸುತ್ತು ಇಂಟರ್‌ವ್ಯೂ ಆಯಿತು. ಕೊನೆಯದು ಆ ವಿಭಾಗದ ಮುಖ್ಯಸ್ಥೆ ಮೇಡಂ ಜೊತೆ. ಚೆನ್ನಾಗೇ ಹೋಯಿತು. ‘ಮುಂದಿನ ವಾರದೊಳಗೆ ಎಚ್‌ಆರ್ ತಿಳಿಸ್ತಾರೆ’ ಅಂದರು. ಅವತ್ತೇ ಲಿಂಕ್ಡ್‌ಇನ್‌ನಲ್ಲಿ ನನ್ನ ರಿಕ್ವೆಸ್ಟ್ ಕೂಡ ಒಪ್ಪಿಕೊಂಡರು. ಹತ್ತು ದಿನ ಕಾದು ಎಚ್‌ಆರ್‌ಗೆ ಮೇಲ್ ಹಾಕಿದೆ, ಉತ್ತರ ಬರಲಿಲ್ಲ. ಈಗ ಐದು ವಾರ. ಇನ್ನೊಂದು ಮೇಲ್ ಹಾಕಿದರೆ ಗೋಗರೆದ ಹಾಗೆ ಆಗುತ್ತಾ? ಮೇಡಂಗೇ ಬರೆದರೆ ಎಚ್‌ಆರ್‌ಗೆ ಸಿಟ್ಟು ಬರುತ್ತಾ? ಬರೆಯೋದಾದರೆ ‘ಏನಾಯ್ತು ಮೇಡಂ’ ಅನ್ನೋದು ಬಿಟ್ಟು ಬೇರೇನು ಬರೆಯಲಿ?

ಉತ್ತರ: ಬರೆಯಿರಿ. ಮೇಡಂಗೇ ಬರೆಯಿರಿ, ಲಿಂಕ್ಡ್‌ಇನ್‌ನಲ್ಲೇ ಬರೆಯಿರಿ. ಆದರೆ ಸುದ್ದಿ ಕೇಳುವುದಷ್ಟೇ ಆ ಸಂದೇಶದ ಕೆಲಸ ಆಗಬಾರದು. ಅವರ ಕೈಗೆ ಏನಾದರೂ ಒಂದು ಕೊಟ್ಟು, ಆಮೇಲೆ ಒಂದು ಸಣ್ಣ ಪ್ರಶ್ನೆ ಕೇಳಬೇಕು. ಏನು ಕೊಡಬಹುದು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಕಡೆ ಏನು ನಡೆಯುತ್ತಿರಬಹುದು ಅಂತ ನೋಡೋಣ. ನಾನು ತುಂಬಾ ವರ್ಷ ನೇಮಕಾತಿಯ ಕಡೆಯೇ ಕೂತವನು. ಹೊರಗೆ ನಿಂತವರಿಗೆ ಒಂದೇ ಥರ ಕಾಣುವ ಈ ಮೌನದ ಹಿಂದೆ ಬೇರೆ ಬೇರೆ ಕಾರಣ ಇರುತ್ತವೆ.

ಐದು ವಾರ ಸುಮ್ಮನಿದ್ದಾರೆ ಅಂದರೆ ಬೇಡ ಅಂತಲೇ ಅರ್ಥ, ಅಂತ ಎಲ್ಲರೂ ಹೇಳುತ್ತಾರೆ. ಕೆಲವು ಸಲ ಅದು ನಿಜ. ಆದರೆ ಕೊನೆಯ ಸುತ್ತಿನವರೆಗೆ ಹೋದವರ ವಿಷಯದಲ್ಲಿ ಜಾಸ್ತಿ ಸಲ ನಾನು ಕಂಡದ್ದು ಇದು: ಇಬ್ಬರು ಇಷ್ಟವಾಗಿರುತ್ತಾರೆ, ಇರುವುದು ಒಂದೇ ಕುರ್ಚಿ. ಮೊದಲನೆಯವರಿಗೆ ಆಫರ್ ಹೋಗುತ್ತದೆ. ಅವರು ಸಂಬಳದ ಬಗ್ಗೆ ಒಂದು ವಾರ ಎಳೆದಾಡುತ್ತಾರೆ. ಆಮೇಲೆ ಒಪ್ಪಿ, ಇರುವ ಕಡೆ ರಾಜೀನಾಮೆ ಕೊಡುತ್ತಾರೆ. ಅಲ್ಲಿ ಅವರಿಗೆ ಒಂದು ತಿಂಗಳೋ ಎರಡು ತಿಂಗಳೋ ನೋಟಿಸ್ ಪೀರಿಯಡ್ ಇರುತ್ತದೆ. ಆ ಅವಧಿಯಲ್ಲಿ ಅವರ ಹಳೇ ಕಂಪನಿ ಸಂಬಳ ಜಾಸ್ತಿ ಮಾಡಿ ಉಳಿಸಿಕೊಳ್ಳಬಹುದು, ಇನ್ನೊಂದು ಕಡೆಯಿಂದ ಅದಕ್ಕಿಂತ ಒಳ್ಳೇ ಆಫರ್ ಬರಬಹುದು. ಇದು ನೇಮಕ ಮಾಡುವವರಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಎರಡನೆಯವರಿಗೆ ಬೇಡ ಅಂತಲೂ ಹೇಳುವುದಿಲ್ಲ, ಬನ್ನಿ ಅಂತಲೂ ಹೇಳುವುದಿಲ್ಲ. ಒಳಗೆ ಇವರನ್ನು ‘ಬ್ಯಾಕಪ್’ ಅಂತ ಕರೆಯುತ್ತಾರೆ. ಎಚ್‌ಆರ್ ಅವರ ಹತ್ತಿರ ನಿಮಗೆ ಹೇಳುವಂಥ ನಿಜವಾದ ಉತ್ತರವೇ ಇರುವುದಿಲ್ಲ. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರುವುದು ವಾಸಿ ಅಂತ ಸುಮ್ಮನಿರುತ್ತಾರೆ. ಇದು ಸರಿ ಅಂತ ನಾನು ಹೇಳುತ್ತಿಲ್ಲ, ಹೀಗೆ ನಡೆಯುತ್ತದೆ ಅಂತ ಹೇಳುತ್ತಿದ್ದೇನೆ.

ಇನ್ನೊಂದು ಕಾರಣ ಮಂಜೂರಾತಿ. ನೀವು ಇಷ್ಟವಾದ ತಕ್ಷಣ ಆಫರ್ ಬರುವುದಿಲ್ಲ. ಆ ಹುದ್ದೆಗೆ ಇಷ್ಟು ಹಣ ಅಂತ ಹಣಕಾಸಿನವರು ಒಪ್ಪಬೇಕು, ನೀವು ಕೇಳಿದ ಸಂಬಳ ಆ ಮಿತಿ ಮೀರಿದ್ದರೆ ಇನ್ನೊಬ್ಬ ಮೇಲಿನವರ ಸಹಿ ಬೇಕು. ಅಷ್ಟರಲ್ಲಿ ಮೂರು ತಿಂಗಳ ಲೆಕ್ಕ ಮುಗಿದರೆ, ಅಥವಾ ವಿಭಾಗಗಳನ್ನೇ ಅದಲುಬದಲು ಮಾಡಿದರೆ, ಹುದ್ದೆ ‘ಹೋಲ್ಡ್’ ಆಗುತ್ತದೆ. ಎಚ್‌ಆರ್ ಅವರಿಗೂ ಪ್ರತಿ ಸೋಮವಾರ ಸಿಗುವ ಉತ್ತರ ಒಂದೇ, ‘ಇನ್ನೊಂದು ವಾರ ನೋಡೋಣ’. ಏನಾದರೂ ಖಚಿತ ಸುದ್ದಿ ಬಂದಮೇಲೆ ನಿಮಗೆ ಬರೆಯೋಣ ಅಂತ ಅವರು ಮುಂದೂಡುತ್ತಾ ಹೋಗುತ್ತಾರೆ. ತಡವಾದಷ್ಟೂ ಬರೆಯೋಕೆ ಮುಜುಗರ ಆಗುತ್ತದೆ, ಮುಜುಗರ ಆದಷ್ಟೂ ಇನ್ನೂ ತಡವಾಗುತ್ತದೆ.

ಮೂರನೆಯದು ತೀರಾ ಸಾದಾ ಕಾರಣ. ನಿಮ್ಮ ಜೊತೆ ಮಾತಾಡುತ್ತಿದ್ದ ಎಚ್‌ಆರ್ ಕೆಲಸ ಬಿಟ್ಟಿರಬಹುದು, ರಜೆಯಲ್ಲಿರಬಹುದು, ಬೇರೆ ವಿಭಾಗದ ಹುದ್ದೆಗಳಿಗೆ ಹೋಗಿರಬಹುದು. ನೇಮಕಾತಿ ಮಾಡುವವರಲ್ಲಿ ಗುತ್ತಿಗೆಯ ಮೇಲೆ ಕೆಲಸ ಮಾಡುವವರು ಬಹಳ ಮಂದಿ. ಗುತ್ತಿಗೆ ಮುಗಿದ ದಿನ ಅವರ ಮೇಲ್ ಪೆಟ್ಟಿಗೆಯೂ ಮುಚ್ಚುತ್ತದೆ. ನಿಮ್ಮ ಮೇಲ್ ಯಾರೂ ತೆರೆಯದ ಜಾಗದಲ್ಲಿ ಬಿದ್ದಿರುತ್ತದೆ.

ನಾಲ್ಕನೆಯದು, ಬೇಡ ಅಂತ ತೀರ್ಮಾನ ಆಗಿರುವುದು. ಹಾಗಾದರೆ ಹೇಳೋಕೇನು ಕಷ್ಟ ಅಂತ ಕೇಳುತ್ತೀರಿ. ಎಷ್ಟೋ ಕಡೆ ‘ನಿಮ್ಮನ್ನು ಆಯ್ಕೆ ಮಾಡಿಲ್ಲ’ ಅನ್ನುವ ಮೇಲ್, ಹುದ್ದೆಯನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಿದಾಗ ಎಲ್ಲರಿಗೂ ಒಟ್ಟಿಗೆ ಹೋಗುತ್ತದೆ. ಹುದ್ದೆ ಮುಚ್ಚುವುದು ಆಯ್ಕೆಯಾದವರು ಬಂದು ಕೂತಮೇಲೆ. ಅಲ್ಲಿಯವರೆಗೆ ಕಂಪನಿಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನ ಮುಂದೆ ‘ಪರಿಶೀಲನೆಯಲ್ಲಿದೆ’ ಅಂತಲೇ ಇರುತ್ತದೆ. ಆ ಸಾಲು ನೋಡಿ ಖುಷಿಪಡಬೇಡಿ, ಬೇಜಾರೂ ಮಾಡಿಕೊಳ್ಳಬೇಡಿ. ಅದೇ ಜಾಹೀರಾತು ಮತ್ತೆ ಕಾಣಿಸಿಕೊಂಡರೂ ಅಷ್ಟೇ. ಎಷ್ಟೋ ಜಾಹೀರಾತು ಅವಧಿ ಮುಗಿದಾಗ ತಾನಾಗೇ ಮತ್ತೆ ಹೊರಬೀಳುತ್ತವೆ.

ಇಷ್ಟು ಯಾಕೆ ಹೇಳಿದೆ ಅಂದರೆ, ಎರಡನೇ ಸಂದೇಶ ಏನು ಮಾಡಬಲ್ಲದು, ಏನು ಮಾಡಲಾರದು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಮೇಲ್ ಕಳೆದುಹೋಗಿದ್ದರೆ ಸಂದೇಶ ಪೂರ್ತಿ ಕೆಲಸ ಮಾಡುತ್ತದೆ, ಒಂದೇ ದಿನದಲ್ಲಿ ಉತ್ತರ ಬಂದರೂ ಬಂತು. ನೀವು ಬ್ಯಾಕಪ್ ಆಗಿದ್ದರೆ, ಮೊದಲನೆಯವರು ಕೈಕೊಟ್ಟ ದಿನ ಮೇಡಂ ತಲೆಯಲ್ಲಿ ನಿಮ್ಮ ಹೆಸರು ಹಸಿಯಾಗಿರುತ್ತದೆ. ಮಂಜೂರಾತಿ ಸಿಕ್ಕಿಕೊಂಡಿದ್ದರೆ, ಮೇಡಂ ಮೇಲಿನವರನ್ನು ಇನ್ನೊಂದು ಸಲ ಕೇಳೋಕೆ ಒಂದು ನೆಪ ಸಿಗುತ್ತದೆ. ಬೇಡ ಅಂತ ಆಗಿಹೋಗಿದ್ದರೆ ಯಾವ ಸಂದೇಶವೂ ಅದನ್ನು ತಿರುಗಿಸುವುದಿಲ್ಲ. ಆದರೆ ಉತ್ತರವಾದರೂ ಸಿಗಬಹುದು. ಒಂದು ಸಭ್ಯ ಸಂದೇಶದಿಂದ ಸಿಗುತ್ತಿದ್ದ ಕೆಲಸ ತಪ್ಪಿತು ಅನ್ನುವುದನ್ನು ನಾನಂತೂ ಕಂಡಿಲ್ಲ. ವಾರಕ್ಕೆ ಎರಡು ಸಲ, ನಾಲ್ಕು ಜನರಿಗೆ, ‘ಉತ್ತರ ಕೊಡದಿರುವುದು ಸರಿಯಲ್ಲ’ ಅಂತ ಬರೆದವರ ಕೆಲಸ ತಪ್ಪಿದ್ದು ಕಂಡಿದ್ದೇನೆ.

ಈಗ ನಿಮ್ಮ ಮೊದಲ ಅನುಮಾನಕ್ಕೆ ಬರುತ್ತೇನೆ. ಅದೇ ಎಚ್‌ಆರ್‌ಗೆ, ಅದೇ ಹಳೇ ಮೇಲ್‌ನ ಕೆಳಗೆ, ‘ಸುಮ್ನೆ ಒಂದು ಸಲ ವಿಚಾರಿಸೋಣ ಅಂತ’ ಅಂತ ಬರೆದರೆ ಯಾಕೆ ಕೆಲಸ ಆಗುವುದಿಲ್ಲ? ಅವರ ಹತ್ತಿರ ಇಲ್ಲದ್ದನ್ನೇ ನೀವು ಮತ್ತೆ ಕೇಳಿದಂತೆ ಆಯಿತು. ಉತ್ತರ ಗೊತ್ತಿದ್ದಿದ್ದರೆ ಮೊದಲ ಸಲವೇ ಕೊಡುತ್ತಿದ್ದರು. ಅವರು ಆ ಕಂಪನಿಯಲ್ಲೇ ಇಲ್ಲದಿದ್ದರೆ ಎರಡನೇ ಮೇಲ್ ಕೂಡ ಮೊದಲನೆಯದರ ಪಕ್ಕದಲ್ಲೇ ಹೋಗಿ ಬೀಳುತ್ತದೆ. ದಾರಿ ಬದಲಾಯಿಸಬೇಕು ಅನ್ನುವುದು ಇದಕ್ಕೇ.

ಆ ಕುರ್ಚಿ ಖಾಲಿ ಇರುವುದರಿಂದ ದಿನಾ ತೊಂದರೆ ಆಗುತ್ತಿರುವುದು ಮೇಡಂಗೆ, ಎಚ್‌ಆರ್‌ಗೆ ಅಲ್ಲ. ಎಚ್‌ಆರ್‌ಗೆ ಇದು ಕೈಯಲ್ಲಿರುವ ಎಷ್ಟೋ ಹುದ್ದೆಗಳಲ್ಲಿ ಒಂದು. ಮೇಡಂಗೆ ಇದು ತನ್ನ ಟೀಮ್‌ನ ಒಂದು ತೂತು. ಅದಕ್ಕೇ ಎರಡನೇ ಸಲ ಅವರ ಕಡೆ ತಿರುಗಬೇಕು. ಲಿಂಕ್ಡ್‌ಇನ್‌ನಲ್ಲಿ ಅವರು ನಿಮ್ಮ ರಿಕ್ವೆಸ್ಟ್ ಒಪ್ಪಿಕೊಂಡಿದ್ದಾರೆ ಅಂದರೆ ಬಾಗಿಲು ಅವರೇ ತೆಗೆದಿದ್ದಾರೆ. ನೀವು ಕಳಿಸಿದ್ದು ನೇರವಾಗಿ ಅವರ ಸಂದೇಶಗಳಲ್ಲಿ ಹೋಗಿ ಕೂರುತ್ತದೆ. ಒಪ್ಪಿಕೊಳ್ಳದೇ ಇದ್ದಿದ್ದರೆ ಕತೆ ಬೇರೆ ಇತ್ತು. ರಿಕ್ವೆಸ್ಟ್ ಜೊತೆ ಬರೆಯುವ ಟಿಪ್ಪಣಿಗೆ ಎರಡು ಮೂರು ವಾಕ್ಯದಷ್ಟೇ ಜಾಗ, ಮತ್ತು ಅದನ್ನು ಅವರು ಎಂದು ನೋಡುತ್ತಾರೋ ಗೊತ್ತಿಲ್ಲ.

ಲಿಂಕ್ಡ್‌ಇನ್ ಸಂಪರ್ಕ ಇಲ್ಲದವರಿಗೆ ಇನ್ನೊಂದು ದಾರಿ ಇದೆ, ಬಹಳ ಜನ ಮರೆಯುತ್ತಾರೆ. ಇಂಟರ್‌ವ್ಯೂಗೆ ಬಂದ ಕ್ಯಾಲೆಂಡರ್ ಆಹ್ವಾನ ತೆಗೆದು ನೋಡಿ. ಯಾರ್‍ಯಾರನ್ನು ಕರೆದಿದ್ದರು ಅನ್ನುವ ಪಟ್ಟಿಯಲ್ಲಿ ಇಂಟರ್‌ವ್ಯೂ ಮಾಡಿದವರ ಮೇಲ್ ವಿಳಾಸ ಇರುವುದುಂಟು. ಕಂಪನಿಯೇ ನಿಮಗೆ ಕಳಿಸಿದ ವಿಳಾಸ ಅದು, ನೀವು ಎಲ್ಲೋ ಹುಡುಕಿ ತೆಗೆದದ್ದಲ್ಲ. ಅದಕ್ಕೆ ಬರೆದರೆ ತಪ್ಪಿಲ್ಲ. ಹೆಸರಿನಿಂದ ಊಹಿಸಿ ಮೇಲ್ ವಿಳಾಸ ಕಟ್ಟುವುದು, ಯಾರ ಹತ್ತಿರವೋ ಮೊಬೈಲ್ ನಂಬರ್ ಇಸಿದುಕೊಳ್ಳುವುದು, ಇವು ಬೇಡ.

ಫೋನ್ ಒಳ್ಳೆಯದೇ, ಆದರೆ ಎಚ್‌ಆರ್‌ಗೆ ಮಾತ್ರ. ಅದೂ ಹಿಂದೆ ಅವರೇ ಆ ನಂಬರಿನಿಂದ ನಿಮಗೆ ಕರೆ ಮಾಡಿದ್ದರೆ. ಕೆಲಸದ ದಿನ, ಬೆಳಗಿನ ಗಡಿಬಿಡಿ ಇಳಿದ ಮೇಲೆ, ಒಂದೇ ಸಲ. ತೆಗೆಯದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಫೋನಿನ ಲಾಭ ಏನೆಂದರೆ ಆ ವ್ಯಕ್ತಿ ಅಲ್ಲಿದ್ದಾರೋ ಇಲ್ಲವೋ ಅನ್ನುವುದು ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ನಷ್ಟ ಏನೆಂದರೆ ಸಿದ್ಧವಿಲ್ಲದವರನ್ನು ಹಿಡಿದು ಕೇಳಿದಂತೆ ಆಗುತ್ತದೆ, ‘ಪ್ರಕ್ರಿಯೆ ನಡೀತಿದೆ’ ಅನ್ನುವ ಮಾತಿಗಿಂತ ಜಾಸ್ತಿ ಸಿಗುವುದು ಕಷ್ಟ. ಮೇಡಂಗೆ ಫೋನ್ ಬೇಡ. ವಾಟ್ಸ್‌ಆ್ಯಪ್ ಕೂಡ, ಅವರಾಗಿ ಅಲ್ಲಿ ಬರೆದಿದ್ದರೆ ಮಾತ್ರ. ಒಳಗೆ ಕೆಲಸ ಮಾಡುವ ಗೆಳೆಯರಿದ್ದರೆ ಅವರ ಮೂಲಕ ‘ನನಗೆ ಕೆಲಸ ಕೊಡಿಸು’ ಅನ್ನುವ ಒತ್ತಡ ಹಾಕಬೇಡಿ. ‘ಆ ಹುದ್ದೆ ಇನ್ನೂ ಇದೆಯಾ, ಆ ಎಚ್‌ಆರ್ ಇನ್ನೂ ಅಲ್ಲಿದ್ದಾರಾ’ ಅಂತ ಮಾತ್ರ ಕೇಳಿ. ಮೇಡಂಗಿಂತ ಮೇಲಿನವರಿಗೆ ಬರೆಯುವ ಯೋಚನೆ ಇದ್ದರೆ ಈಗಲೇ ಬಿಡಿ. ಅವರು ಅದನ್ನು ಮೇಡಂಗೇ ಕಳಿಸುತ್ತಾರೆ, ‘ಇದೇನು’ ಅಂತ ಕೇಳಿ. ಆಮೇಲೆ ನಿಮ್ಮ ಬಗ್ಗೆ ಅವರಿಗಿದ್ದ ಒಳ್ಳೇ ಅಭಿಪ್ರಾಯಕ್ಕೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ.

ಎಚ್‌ಆರ್‌ಗೆ ಸಿಟ್ಟು ಬರುತ್ತಾ ಅಂದಿರಿ. ಬರುವ ಸಾಧ್ಯತೆ ಇದೆ, ಮೇಡಂ ಅವರ ಹತ್ತಿರ ಬಂದು ‘ಇವರಿಗೆ ಯಾಕೆ ಉತ್ತರ ಕೊಟ್ಟಿಲ್ಲ’ ಅಂತ ಕೇಳಿದರೆ. ಅದನ್ನು ತಪ್ಪಿಸೋದು ಸುಲಭ. ಮೇಡಂಗೆ ಬರೆಯುವಾಗ ‘ಎಚ್‌ಆರ್‌ಗೆ ಬರೆದೆ, ಉತ್ತರವೇ ಇಲ್ಲ’ ಅನ್ನುವ ಮಾತು ಎಲ್ಲೂ ಬರಬಾರದು. ಸಂದೇಶ ಕಳಿಸಿದ ದಿನವೇ ಎಚ್‌ಆರ್‌ಗೂ ಹಳೇ ಮೇಲ್‌ನಲ್ಲಿ ಎರಡು ಸಾಲು ಹಾಕಿ: ‘ಇಂಟರ್‌ವ್ಯೂನಲ್ಲಿ ಮೇಡಂ ಕೇಳಿದ ಒಂದು ವಿಷಯದ ಬಗ್ಗೆ ಅವರಿಗೆ ಚಿಕ್ಕ ಟಿಪ್ಪಣಿ ಕಳಿಸಿದ್ದೇನೆ. ನಿಮಗೂ ಗೊತ್ತಿರಲಿ ಅಂತ ತಿಳಿಸುತ್ತಿದ್ದೇನೆ.’ ಅಷ್ಟೇ. ಇದರಲ್ಲಿ ಪ್ರಶ್ನೆ ಇಲ್ಲ, ಹಾಗಾಗಿ ಉತ್ತರದ ಹೊರೆಯೂ ಇಲ್ಲ. ಬೆನ್ನ ಹಿಂದೆ ಏನೋ ಮಾಡಿದರು ಅನ್ನಿಸುವುದೂ ಇಲ್ಲ. ಕೆಲವರು ಮೇಡಂಗೆ ಮೇಲ್ ಬರೆದು ಎಚ್‌ಆರ್ ಅವರನ್ನು ಸಿಸಿಯಲ್ಲಿ ಹಾಕುತ್ತಾರೆ. ಅದು ಓದುವವರಿಗೆ ದೂರಿನ ಹಾಗೆ ಕಾಣುತ್ತದೆ. ಬೇರೆ ಬೇರೆಯಾಗಿ ಕಳಿಸುವುದೇ ಸರಿ.

ಈಗ ಮುಖ್ಯ ವಿಷಯ, ಏನು ಕೊಡೋದು. ‘ಹೊಸದೇನಾದರೂ ಸೇರಿಸಿ’ ಅಂದ ಕೂಡಲೇ ಜನ ಮಾಡುವ ಕೆಲಸ ಅಂದರೆ ಒಂದು ಲೇಖನದ ಲಿಂಕ್ ಕಳಿಸುವುದು. ‘ಇದು ನಿಮಗೆ ಆಸಕ್ತಿ ಇರಬಹುದು’ ಅಂತ. ಅದರಿಂದ ಏನೂ ಆಗುವುದಿಲ್ಲ. ಆ ಲೇಖನ ಬರೆದವರು ನೀವಲ್ಲ, ಮೇಡಂ ಅದನ್ನು ಓದುವುದೂ ಇಲ್ಲ. ಇನ್ನು ಕೆಲವರು ಮೊನ್ನೆ ಮುಗಿಸಿದ ಯಾವುದೋ ಸರ್ಟಿಫಿಕೇಟ್ ಸೇರಿಸುತ್ತಾರೆ. ಇಂಟರ್‌ವ್ಯೂನಲ್ಲಿ ‘ನಿಮಗೆ ಇದು ಗೊತ್ತಿಲ್ವಲ್ಲ’ ಅಂತ ಯಾರಾದರೂ ಅದೇ ವಿಷಯ ಎತ್ತಿದ್ದರೆ ಮಾತ್ರ ಅದಕ್ಕೆ ಬೆಲೆ.

ಬೆಲೆ ಇರುವುದು ಆ ಕೋಣೆಯಲ್ಲಿ ಆಡಿದ ಮಾತಿಗೆ. ಕೊನೆಯ ಸುತ್ತಿನಲ್ಲಿ ವಿಭಾಗದ ಮುಖ್ಯಸ್ಥರು ಒಂದಾದರೂ ಪ್ರಶ್ನೆ ತಮ್ಮ ನಿಜವಾದ ತಲೆನೋವಿನಿಂದಲೇ ಕೇಳುತ್ತಾರೆ. ಅದು ಗುರುತಿಸೋದು ಹೇಗೆ ಅಂದರೆ, ಆ ಪ್ರಶ್ನೆಗೆ ನೀವು ಉತ್ತರ ಕೊಟ್ಟ ಮೇಲೂ ಅವರು ಎರಡು ಮೂರು ಉಪಪ್ರಶ್ನೆ ಕೇಳಿರುತ್ತಾರೆ, ಅಥವಾ ‘ನಮ್ಮಲ್ಲಿ ಏನಾಗಿದೆ ಅಂದ್ರೆ...’ ಅಂತ ತಮ್ಮ ಕಡೆಯದನ್ನೇ ಹೇಳೋಕೆ ಶುರು ಮಾಡಿರುತ್ತಾರೆ. ಕೂತು ನೆನಪು ಮಾಡಿಕೊಳ್ಳಿ. ನೀವು ಸಪೋರ್ಟ್ ವಿಭಾಗದವರು, ಹಾಗಾಗಿ ಒಂದು ಉದಾಹರಣೆ ಆ ಕೆಲಸದಿಂದಲೇ ತೆಗೆದುಕೊಳ್ಳುತ್ತೇನೆ. ಮೇಡಂ ಹೀಗೆ ಕೇಳಿದ್ದರು ಅಂತಿಟ್ಟುಕೊಳ್ಳಿ: ‘ಒಂದೇ ಗ್ರಾಹಕರು ವಾರದೊಳಗೆ ಮತ್ತೆ ಅದೇ ವಿಷಯಕ್ಕೆ ಬರೆಯುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?’ ನೀವು ಅವತ್ತು ‘ಟೀಮ್‌ಗೆ ತರಬೇತಿ ಕೊಡುತ್ತಿದ್ದೆ’ ಅಂತ ಹೇಳಿ ಮುಂದಕ್ಕೆ ಹೋದಿರಿ. ಕೆಟ್ಟ ಉತ್ತರ ಅಲ್ಲ, ಆದರೆ ಎಲ್ಲರೂ ಕೊಡುವ ಉತ್ತರ.

ಈಗ ಅದೇ ಪ್ರಶ್ನೆಗೆ ನಿಮ್ಮ ಅನುಭವದಿಂದ ನಿಧಾನವಾಗಿ ಯೋಚಿಸಿ. ನಿಮ್ಮ ಕೆಲಸದಲ್ಲಿ ಕಂಡಿರುತ್ತೀರಿ: ಗ್ರಾಹಕರ ಒಂದು ದೂರಿಗೆ ಒಂದು ಟಿಕೆಟ್, ಅದನ್ನು ಟೀಮ್‌ನವರು ಮುಚ್ಚಿದ ಒಂದೆರಡು ದಿನದಲ್ಲಿ ಗ್ರಾಹಕರು ಮತ್ತೆ ಬರೆದರೆ ಹಳೇ ಟಿಕೆಟ್ಟೇ ತೆರೆದುಕೊಳ್ಳುತ್ತದೆ, ಅದು ‘ರೀಓಪನ್’ ಲೆಕ್ಕಕ್ಕೆ ಬರುತ್ತದೆ. ಆದರೆ ಟಿಕೆಟ್ ಪೂರ್ತಿ ಲಾಕ್ ಆದಮೇಲೆ ಬರೆದರೆ ಹೊಸ ಟಿಕೆಟ್ ಹುಟ್ಟುತ್ತದೆ. ರಿಪೋರ್ಟ್‌ನಲ್ಲಿ ರೀಓಪನ್ ಮಾತ್ರ ನೋಡುವವರಿಗೆ ಈ ಎರಡನೇ ಥರದ್ದು ಕಾಣುವುದೇ ಇಲ್ಲ. ಅದನ್ನು ಹಿಡಿಯಬೇಕಾದರೆ ಟಿಕೆಟ್ ನಂಬರ್ ಬಿಟ್ಟು ಗ್ರಾಹಕರ ಐಡಿ ಹಿಡಿದು, ಏಳು ದಿನದೊಳಗೆ ಎರಡು ಸಲ ಬಂದವರನ್ನು ಎಣಿಸಬೇಕು. ಎಣಿಸಿದ ಮೇಲೆ ಅದರಲ್ಲಿ 50 ಟಿಕೆಟ್ ತೆಗೆದು ಕೂತು ಓದಬೇಕು. ಓದಿದರೆ ಮೂರು ರಾಶಿ ಆಗುತ್ತದೆ. ಉತ್ತರವೇ ತಪ್ಪಾಗಿತ್ತು ಅನ್ನುವುದು ಒಂದು. ಬೇರೆ ವಿಭಾಗದ ಕೆಲಸ ಬಾಕಿ ಇದ್ದರೂ ದಿನದ ಟಾರ್ಗೆಟ್‌ಗಾಗಿ ಬೇಗ ಮುಚ್ಚಿದ್ದು ಇನ್ನೊಂದು. ಗ್ರಾಹಕರಿಗೆ ನಿಜವಾಗಿಯೂ ಬೇರೆಯೇ ಸಮಸ್ಯೆ ಇದ್ದದ್ದು ಮೂರನೆಯದು. ತರಬೇತಿ ಮೊದಲನೇ ರಾಶಿಗೆ ಮಾತ್ರ ಮದ್ದು. ಎರಡನೆಯದಕ್ಕೆ ಟಾರ್ಗೆಟ್ ಬದಲಾಯಿಸಬೇಕು, ‘ಬೇರೆಯವರಿಗಾಗಿ ಕಾಯುತ್ತಿದೆ’ ಅನ್ನುವ ಒಂದು ಸ್ಥಿತಿ ಸೇರಿಸಬೇಕು.

ಇದು ಎಲ್ಲರೂ ಹೇಳುವ ಉತ್ತರ ಅಲ್ಲ, ನೋಡಿ. ಟಿಕೆಟ್‌ಗಳ ಮಧ್ಯೆ ವರ್ಷಗಟ್ಟಲೆ ಕೂತವರು ಮಾತ್ರ ಹೇಳುವ ಮಾತು. ಇದನ್ನು ಒಂದು ಪುಟದಲ್ಲಿ ಬರೆದಿಟ್ಟುಕೊಳ್ಳಿ. ಒಂದೇ ಪುಟ. ಇಪ್ಪತ್ತು ಸ್ಲೈಡ್ ಮಾಡಬೇಡಿ. ಅಷ್ಟು ಮಾಡಿದರೆ ಪುಕ್ಕಟೆ ಕೆಲಸ ಮಾಡಿಕೊಟ್ಟಂತೆ ಆಗುತ್ತದೆ, ಓದುವವರಿಗೂ ಅಯ್ಯೋ ಅನ್ನಿಸುತ್ತದೆ. ಇನ್ನೊಂದು ಎಚ್ಚರಿಕೆ: ಈಗಿರುವ ಕಂಪನಿಯ ಅಂಕಿಸಂಖ್ಯೆ, ಗ್ರಾಹಕರ ಹೆಸರು, ಸ್ಕ್ರೀನ್‌ಶಾಟ್ ಯಾವುದೂ ಅದರಲ್ಲಿ ಇರಬಾರದು. ಇದ್ದರೆ ಮೇಡಂಗೆ ಮೊದಲು ಹೊಳೆಯುವುದು, ನಾಳೆ ನಮ್ಮದನ್ನೂ ಹೀಗೇ ಹೊರಗೆ ಹಾಕುತ್ತಾರೆ ಅಂತ. ಹಾಗೇ ‘ನಿಮ್ಮಲ್ಲಿ ಇದು ತಪ್ಪಾಗಿದೆ’ ಅನ್ನುವ ದನಿಯೂ ಬೇಡ. ಅವರ ಒಳಗಿನದು ನಿಮಗೆ ಗೊತ್ತಿಲ್ಲ. ‘ನಾನು ಕಂಡಂತೆ ಹೀಗಾಗುತ್ತದೆ’ ಅನ್ನಿ.

ಈಗ ಸಂದೇಶ. ಯಾವ ಭಾಷೆಯಲ್ಲಿ ಬರೆದರೂ ಹೂರಣ ಸುಮಾರು ಹೀಗಿರಲಿ:

‘ಮೇಡಂ, ನಮಸ್ಕಾರ. ಕಳೆದ ತಿಂಗಳು ಸಪೋರ್ಟ್ ಮ್ಯಾನೇಜರ್ ಹುದ್ದೆಗೆ ನಿಮ್ಮ ಜೊತೆ ಮಾತಾಡಿದ್ದೆ. ಗ್ರಾಹಕರು ವಾರದೊಳಗೆ ಮತ್ತೆ ಬರೆಯುವುದರ ಬಗ್ಗೆ ನೀವು ಕೇಳಿದ ಪ್ರಶ್ನೆ ಆಮೇಲೂ ತಲೆಯಲ್ಲಿ ಉಳಿದಿತ್ತು. ಅವತ್ತು ತರಬೇತಿ ಅಂದಿದ್ದೆ, ಅದು ಅರ್ಧ ಉತ್ತರ. ರೀಓಪನ್ ಲೆಕ್ಕದಲ್ಲಿ ಕಾಣದ, ಹೊಸ ಟಿಕೆಟ್ ಆಗಿ ಬರುವ ದೂರುಗಳನ್ನು ಗ್ರಾಹಕರ ಐಡಿ ಮೇಲೆ ಎಣಿಸಿ, 50 ಟಿಕೆಟ್ ಓದಿ, ಬೇಗ ಮುಚ್ಚಿದ್ದು ಎಷ್ಟು, ತಪ್ಪು ಉತ್ತರ ಎಷ್ಟು ಅಂತ ಬೇರೆ ಮಾಡುವುದರಿಂದ ನಾನು ಶುರು ಮಾಡುತ್ತೇನೆ. ಎರಡಕ್ಕೂ ಪರಿಹಾರ ಬೇರೆ. ಒಂದು ಪುಟದಲ್ಲಿ ಬರೆದಿಟ್ಟಿದ್ದೇನೆ, ಉಪಯೋಗ ಅನ್ನಿಸಿದರೆ ಕಳಿಸುತ್ತೇನೆ. ಹುದ್ದೆಯ ಬಗ್ಗೆ ನನ್ನ ಆಸಕ್ತಿ ಹಾಗೇ ಇದೆ. ಅದು ಇನ್ನೂ ತೆರೆದಿದೆಯೇ, ಅಥವಾ ಸದ್ಯಕ್ಕೆ ನಿಂತಿದೆಯೇ? ಒಂದು ಸಾಲು ಬರೆದರೂ ಸಾಕು.’

ಇದರಲ್ಲಿ ಕೆಲವು ಸಂಗತಿ ಬೇಕಂತಲೇ ಮಾಡಿದ್ದು. ‘ಐದು ವಾರ ಆಯಿತು’ ಅಂತ ಎಲ್ಲೂ ಇಲ್ಲ. ತಡವಾಗಿದ್ದು ಅವರಿಗೂ ಗೊತ್ತು, ಎಣಿಸಿ ತೋರಿಸಿದರೆ ಆಪಾದನೆ ಆಗುತ್ತದೆ. ಮುಖ್ಯವಾದ ಅಂಶ ಸಂದೇಶದಲ್ಲೇ ಇದೆ, ಫೈಲ್ ಇಲ್ಲ, ಲಿಂಕ್ ಇಲ್ಲ. ಹೊರಗಿನವರು ಕಳಿಸಿದ ಫೈಲ್ ತೆರೆಯಬೇಡಿ ಅಂತ ಎಷ್ಟೋ ಕಂಪನಿಗಳು ತಮ್ಮವರಿಗೆ ಪದೇಪದೇ ಹೇಳುತ್ತವೆ. ಬೇಕಿದ್ದರೆ ಕಳಿಸುತ್ತೇನೆ ಅಂದಾಗ ಅವರಿಗೆ ‘ಕಳಿಸಿ’ ಅಂತ ಒಂದು ಪದದ ಉತ್ತರ ಕೊಡುವ ದಾರಿ ಸಿಗುತ್ತದೆ. ನೇಮಕದ ವಿಷಯ ಹೇಳಲಾಗದ ಪರಿಸ್ಥಿತಿಯಲ್ಲಿ ಇದ್ದರೂ ಅವರು ಅಷ್ಟು ಬರೆಯಬಹುದು. ಆದರೆ ಪುಟ ನಿಜಕ್ಕೂ ಬರೆದಿಟ್ಟಿರಬೇಕು. ‘ಕಳಿಸಿ’ ಅಂದ ಮೇಲೆ ಮೂರು ದಿನ ತೆಗೆದುಕೊಂಡರೆ ಎಲ್ಲ ನೀರಿನಲ್ಲಿ ಹೋಮ. ಕೊನೆಯ ಪ್ರಶ್ನೆ ‘ನನ್ನನ್ನು ಆಯ್ಕೆ ಮಾಡಿದ್ದೀರಾ’ ಅಂತ ಅಲ್ಲ, ‘ತೆರೆದಿದೆಯೇ, ನಿಂತಿದೆಯೇ’ ಅಂತ. ಎರಡನೆಯದಕ್ಕೆ ಉತ್ತರ ಕೊಡೋದು ಸುಲಭ, ಅಲ್ವಾ?

ಕಳಿಸುವ ಮೊದಲು ಫೋನಿನಲ್ಲಿ ತೆರೆದು ನೋಡಿ. ಒಂದು ಪರದೆಗಿಂತ ತುಂಬಾ ಉದ್ದ ಹೋಗಿದ್ದರೆ ಕತ್ತರಿಸಿ. ವಾರದ ಮಧ್ಯದ ದಿನ, ಕೆಲಸದ ಹೊತ್ತಿನಲ್ಲಿ ಕಳಿಸಿ. ರಾತ್ರಿ ಹನ್ನೊಂದಕ್ಕೆ ಬೇಡ.

ಇನ್ನೊಂದು ಕಡೆಯಿಂದ ಆಫರ್ ಬಂದಿದ್ದರೆ ಅದೂ ಹೊಸ ಸುದ್ದಿಯೇ. ಎಲ್ಲಕ್ಕಿಂತ ಬೇಗ ಉತ್ತರ ತರುವುದು ಅದೇ. ಆಗ ಟಿಪ್ಪಣಿಗಿಂತ ಅದನ್ನೇ ಹೇಳಿ, ಎಚ್‌ಆರ್ ಮತ್ತು ಮೇಡಂ ಇಬ್ಬರಿಗೂ: ‘ಇಂಥ ದಿನದೊಳಗೆ ಉತ್ತರ ಕೊಡಬೇಕಾಗಿದೆ, ನನ್ನ ಮೊದಲ ಆಯ್ಕೆ ಈ ಹುದ್ದೆ.’ ದಿನಾಂಕ ನಿಜವಾದದ್ದಿರಲಿ. ಇಲ್ಲದ ಆಫರ್ ಇದೆ ಅಂತ ಹೇಳುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ‘ಹಾಗಾದರೆ ಅಲ್ಲಿಗೇ ಸೇರಿಕೊಳ್ಳಿ, ಒಳ್ಳೆಯದಾಗಲಿ’ ಅಂತ ಉತ್ತರ ಬಂದರೆ ವಾಪಸ್ ಬರೋಕೆ ದಾರಿ ಇರುವುದಿಲ್ಲ. ಬ್ಯಾಕಪ್ ಆಗಿದ್ದವರ ಹೆಸರು ಪಟ್ಟಿಯಿಂದ ಹೋಗುವುದು ಹೀಗೇ.

ಕಳಿಸಿದ ಮೇಲೆ ಏನು ಬರಬಹುದು? ‘ಥ್ಯಾಂಕ್ಸ್, ಎಚ್‌ಆರ್ ಹತ್ತಿರ ಕೇಳುತ್ತೇನೆ’ ಅಂತ ಬಂದರೆ ಒಳ್ಳೇ ಲಕ್ಷಣ. ಒಂದು ವಾರ ಬಿಡಿ, ಎಚ್‌ಆರ್ ಕಡೆಯಿಂದಲೇ ಫೋನ್ ಬರಬಹುದು. ‘ಇನ್ನೂ ತೀರ್ಮಾನ ಆಗಿಲ್ಲ’ ಅಂತ ಬಂದರೆ, ‘ಯಾವಾಗ ಮತ್ತೆ ವಿಚಾರಿಸಲಿ’ ಅಂತ ಒಂದು ಸಲ ಕೇಳಿ, ಅವರು ಹೇಳಿದ ದಿನದ ಮುಂಚೆ ಬರೆಯಬೇಡಿ. ‘ಹುದ್ದೆ ಹೋಲ್ಡ್‌ನಲ್ಲಿದೆ’ ಅಂದರೆ ಅದನ್ನು ನಂಬಿ. ಅದು ನಯವಾಗಿ ಬೇಡ ಅನ್ನುವ ಮಾತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ಮ್ಯಾನೇಜರ್ ತಾವೇ ಬರೆದು ಹೇಳಿದ್ದರೆ ಸಾಮಾನ್ಯವಾಗಿ ನಿಜವೇ ಇರುತ್ತದೆ. ಮುಂದಿನ ಮೂರು ತಿಂಗಳ ಲೆಕ್ಕ ಶುರುವಾದ ಒಂದೆರಡು ವಾರಕ್ಕೆ ಒಂದು ಸಾಲು ಬರೆಯಬಹುದು.

ಸಂದೇಶ ನೋಡಿದ್ದಾರೆ, ಉತ್ತರ ಇಲ್ಲ. ಇದೇ ಜಾಸ್ತಿ ಕಾಡುವುದು. ‘ನೋಡಿದ್ದಾರೆ’ ಅನ್ನುವ ಗುರುತಿನಿಂದ ಏನೂ ತಿಳಿಯುವುದಿಲ್ಲ. ಮೀಟಿಂಗ್ ಮಧ್ಯೆ ಕಣ್ಣು ಹಾಯಿಸಿ ಮುಚ್ಚಿರಬಹುದು, ಎಚ್‌ಆರ್‌ಗೆ ಕಳಿಸಿ ತಮ್ಮ ಕೆಲಸ ಮುಗಿಯಿತು ಅಂದುಕೊಂಡಿರಬಹುದು. ಹತ್ತು ಕೆಲಸದ ದಿನ ಬಿಡಿ. ಅಷ್ಟರಲ್ಲಿ ಎಚ್‌ಆರ್ ಕಡೆಯಿಂದಲೂ ಏನೂ ಬರದಿದ್ದರೆ ಈ ಹುದ್ದೆ ನಿಮ್ಮ ಮಟ್ಟಿಗೆ ಮುಗಿಯಿತು ಅಂತ ಲೆಕ್ಕ ಹಾಕಿ. ಮೂರನೇ ಸಂದೇಶ ಬೇಡ, ನಾಲ್ಕನೇ ದಾರಿಯೂ ಬೇಡ. ಮೇಡಂ ಲಿಂಕ್ಡ್‌ಇನ್‌ನಲ್ಲಿ ಏನು ಹಾಕಿದರೂ ಹೋಗಿ ಲೈಕ್ ಒತ್ತುತ್ತಾ ಕೂರಬೇಡಿ, ಅದೂ ಒಂದು ಥರ ಬಾಗಿಲು ತಟ್ಟುವುದೇ. ಸಂಪರ್ಕ ಮಾತ್ರ ಕಡಿದು ಹಾಕಬೇಡಿ. ಮೊದಲನೆಯವರು ಬಂದು ಎರಡು ತಿಂಗಳಲ್ಲಿ ಬಿಟ್ಟು ಹೋಗಿ, ಹಳೇ ಪಟ್ಟಿ ತೆಗೆದು ಎರಡನೆಯವರಿಗೆ ಫೋನ್ ಮಾಡಿದ್ದನ್ನು ನಾನು ನೋಡಿದ್ದೇನೆ.

ಈ ಹತ್ತು ದಿನ ಬೇರೆ ಕಡೆಯ ಅರ್ಜಿ ನಿಲ್ಲಿಸಬೇಡಿ, ನಿಗದಿಯಾದ ಇಂಟರ್‌ವ್ಯೂ ಮುಂದೂಡಬೇಡಿ. ನಿಮ್ಮ ಬಗ್ಗೆ ವಿಚಾರಿಸಲು ಯಾರ ಹೆಸರು ಕೊಟ್ಟಿದ್ದಿರೋ ಅವರಿಗೆ ಒಂದು ಮಾತು ಹೇಳಿಟ್ಟಿರಿ, ಫೋನ್ ಬಂದರೆ ತೆಗೆಯಲಿ. ಮಂಜೂರಾತಿ ಸಿಕ್ಕ ದಿನ ಎಲ್ಲ ಒಂದೇ ಸಲ ಓಡೋಕೆ ಶುರುವಾಗುತ್ತದೆ. ಹಿಂದಿನ ಮ್ಯಾನೇಜರ್ ಫೋನ್ ತೆಗೆಯಲಿಲ್ಲ ಅಂತ ಇನ್ನೊಂದು ವಾರ ಹೋಗುವುದು ಬೇಡ.